ಒಂಬೈನೂರು ರೂಪಾಯಿ ಎಲ್ಲಿ ಹೋಯಿತು: ಪೆರ್ಲದ ಪೈಪಿನಂಗಡಿಯ ಒಂದು ತಿಂಗಳ ಲೆಕ್ಕ

ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಲ್ಲಿ ಪೈಪು, ನಲ್ಲಿ, ಪಂಪಿನ ಬಿಡಿಭಾಗ ಮಾರುವ ಒಂದು ಅಂಗಡಿ. ಮಳೆ ನಿಂತು ತೋಟಕ್ಕೆ ನೀರು ಬಿಡಲು ಶುರುವಾದ ಮೇಲೆ ಅಲ್ಲಿ ಕೈ ಬಿಡುವಿಲ್ಲ. ಹಿಂದಿನ ಲೆಕ್ಕಿಗರು ಬಿಟ್ಟುಹೋದ ಜಾಗಕ್ಕೆ ಅಕ್ಟೋಬರಿನಲ್ಲಿ ಮೂವತ್ತೆಂಟರ ಮಹಿಳೆಯೊಬ್ಬರು ಸೇರಿದರು. ಅಂಗಡಿಯಲ್ಲಿ ಎಲ್ಲರೂ ಕರೆಯುವ ಹಾಗೆ ಇಲ್ಲೂ ಅವರನ್ನು ಅಕ್ಕ ಎಂದೇ ಕರೆಯೋಣ. ಹದಿನಾಲ್ಕು ವರ್ಷ ಮನೆಯಲ್ಲಿದ್ದು, ಮೂರು ತಿಂಗಳ ಲೆಕ್ಕಪತ್ರ ತರಬೇತಿಯ ಸರ್ಟಿಫಿಕೇಟ್ ಪಡೆದು ಬಂದವರು. ಅವರು ಪೂರ್ತಿಯಾಗಿ ಹೊಣೆ ಹೊತ್ತ ಮೊದಲ ತಿಂಗಳು ನವೆಂಬರ್. ಆ ತಿಂಗಳ ಲೆಕ್ಕದಲ್ಲಿ 900 ರೂಪಾಯಿ ಕೂಡಿ ಬರಲಿಲ್ಲ. ಈ ಪ್ರಕರಣ ಆ ಒಂಬೈನೂರರದ್ದು.

ಅದಕ್ಕೆ ಮೊದಲು ಅಕ್ಕನಿಗೆ ಏನು ಗೊತ್ತಿತ್ತು, ಏನು ಮರೆತಿತ್ತು ಎಂದು ತಿಳಿದರೆ ಒಳ್ಳೆಯದು. ಹತ್ತನೆಯ ತನಕ ಕನ್ನಡ ಮಾಧ್ಯಮ, ಆಮೇಲೆ ಪ್ಲಸ್ ಟುವಿನಲ್ಲಿ ಕಾಮರ್ಸ್. ಮದುವೆಗೆ ಮುಂಚೆ ಎರಡು ವರ್ಷ ಒಂದು ಸಾಮಾನಿನ ಅಂಗಡಿಯಲ್ಲಿ ದಿನವಹಿ ಬರೆಯುತ್ತಿದ್ದರು, ಕೈಬರಹದಲ್ಲಿ. ಆಗ ಕೇರಳದಲ್ಲಿ ವ್ಯಾಟ್ ಇತ್ತು. ಕರ್ನಾಟಕದಿಂದ ಮಾಲು ತಂದರೆ ಸಿ ಫಾರ್ಮ್ ಕೊಡಬೇಕು, ಶೇಕಡಾ 2ರ ಕೇಂದ್ರ ಮಾರಾಟ ತೆರಿಗೆ ಕಟ್ಟಬೇಕು, ಆ ತೆರಿಗೆ ಮತ್ತೆ ಕೈಗೆ ಬಾರದು. ಇಷ್ಟನ್ನು ಅಂದಿನ ಯಾವ ಲೆಕ್ಕಿಗರೂ ನಿದ್ದೆಯಲ್ಲೂ ಹೇಳುತ್ತಿದ್ದರು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಅಕ್ಕ ಮಗುವನ್ನು ಬಾಲವಾಡಿಗೆ ಬಿಟ್ಟು ಬರುತ್ತಿದ್ದರು. ಅವರ ಕಿವಿಗೆ ಬಿದ್ದದ್ದು ‘ಒಂದು ದೇಶ, ಒಂದು ತೆರಿಗೆ’ ಎಂಬ ಘೋಷಣೆಯಷ್ಟೆ. ಮುಂದಿನ ಎಡವಟ್ಟಿನ ಅರ್ಧ ಬೇರು ಅಲ್ಲೇ ಇದೆ.

ತರಬೇತಿ ಕಾಸರಗೋಡು ಪೇಟೆಯಲ್ಲಿ. ಪಾಠ ಮಲಯಾಳದಲ್ಲಿ, ಪರದೆಯ ಮೇಲಿನದೆಲ್ಲ ಇಂಗ್ಲಿಷಿನಲ್ಲಿ, ಮನಸ್ಸಿನೊಳಗಿನ ಲೆಕ್ಕ ಕನ್ನಡದಲ್ಲಿ. ಭಾಷೆ ಮೂರಾದದ್ದು ದೊಡ್ಡ ತೊಂದರೆಯಾಗಲಿಲ್ಲ. ತೊಂದರೆ ಕೊಟ್ಟದ್ದು ಒಂದೇ ಒಂದು ಪದ, ‘ಜಮಾ’. ಖಾತೆಯ ಭಾಷೆಯಲ್ಲಿ ಜಮಾ ಎಂದರೆ ಕ್ರೆಡಿಟ್. ಮಾತಿನಲ್ಲಿ ನಾವು ‘ಬ್ಯಾಂಕಿಗೆ ದುಡ್ಡು ಜಮಾ ಮಾಡಿದೆ’ ಎನ್ನುತ್ತೇವೆ. ಎರಡನೇ ವಾರದ ಅಭ್ಯಾಸದಲ್ಲಿ ಡ್ರಾಯರಿನ ನಗದು 20,000 ಬ್ಯಾಂಕಿಗೆ ಕಟ್ಟಿದ್ದನ್ನು ದಾಖಲಿಸಬೇಕಿತ್ತು. ಅಕ್ಕ ಲೆಕ್ಕದ ಸಾಫ್ಟ್‌ವೇರಿನಲ್ಲಿ F4 ಒತ್ತಿ, ನಗದು-ಬ್ಯಾಂಕಿನ ನಡುವೆ ಹಣ ಹೋಗಿ ಬಂದದ್ದನ್ನು ಬರೆಯುವ ಕಾಂಟ್ರಾ ವೋಚರಿನಲ್ಲಿ ಬ್ಯಾಂಕನ್ನು ಕ್ರೆಡಿಟ್ ಮಾಡಿ ನಗದನ್ನು ಡೆಬಿಟ್ ಮಾಡಿದರು. ಜಮಾ ಮಾಡಿದ್ದಲ್ಲವೇ, ಮತ್ತೆ ಜಮಾ ಬದಿಗೇ ಹೋಗಬೇಕಲ್ಲ! ಪಾಸ್‌ಬುಕ್ಕೂ ಅವರ ಪರವಾಗಿಯೇ ಸಾಕ್ಷಿ ಹೇಳಿತು: ಅದರಲ್ಲೂ ಆ 20,000 ಕ್ರೆಡಿಟ್ ಸಾಲಿನಲ್ಲೇ ಇತ್ತು.

ಪಾಸ್‌ಬುಕ್ ಬ್ಯಾಂಕಿನ ಪುಸ್ತಕ, ನಮ್ಮದಲ್ಲ. ನಾವು ಕಟ್ಟಿದ ಹಣ ಬ್ಯಾಂಕು ನಮಗೆ ಕೊಡಬೇಕಾದ ಸಾಲ, ಆದ್ದರಿಂದ ಅದರ ಪುಸ್ತಕದಲ್ಲಿ ಕ್ರೆಡಿಟ್. ಅದೇ ಹಣ ನಮ್ಮ ಪುಸ್ತಕದಲ್ಲಿ ಬ್ಯಾಂಕಿನಿಂದ ನಮಗೆ ಬರಬೇಕಾದದ್ದು, ಆದ್ದರಿಂದ ಡೆಬಿಟ್. ಈ ಅದಲುಬದಲನ್ನು ಹಿಡಿಯಲು ತರಗತಿಯಲ್ಲಿ ಒಂದು ಹಳೆಯ ಉಪಾಯ ಕಲಿಸಿದರು. ವೋಚರ್ ತಿರುವುಮುರುವಾದರೆ ತಪ್ಪು ಒಂದು ಪಟ್ಟಲ್ಲ, ಎರಡು ಪಟ್ಟು ಕಾಣುತ್ತದೆ. 20,000 ಕಳೆಯಬೇಕಾದ ಕಡೆ ಕೂಡಿಸಿದ್ದರಿಂದ ಪುಸ್ತಕದ ನಗದು ನಿಜಕ್ಕಿಂತ 40,000 ಹೆಚ್ಚಿತ್ತು, ಬ್ಯಾಂಕು 40,000 ಕಡಿಮೆಯಿತ್ತು. ಹಾಗಾಗಿ ವ್ಯತ್ಯಾಸ ಬಂದಾಗ ಮೊದಲು ಅದರ ಅರ್ಧದಷ್ಟಿರುವ ವೋಚರ್ ಯಾವುದಾದರೂ ಉಂಟೇ ಎಂದು ಹುಡುಕಬೇಕು. ಇದರ ಜೊತೆಗೇ ಕಲಿತ ಇನ್ನೊಂದು ಉಪಾಯ ಒಂಬತ್ತರದ್ದು. ಅಂಕೆಗಳು ಸ್ಥಾನ ಬದಲಿಸಿಕೊಂಡರೆ, ಉದಾಹರಣೆಗೆ 7,100 ಬರೆಯುವಲ್ಲಿ 1,700 ಬರೆದರೆ, ವ್ಯತ್ಯಾಸ 5,400. ಇಂಥ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅಕ್ಕನಿಗೆ ಈ ಉಪಾಯ ಮೊದಲೇ ಗೊತ್ತಿತ್ತು, ಕೈಬರಹದ ಕಾಲದಲ್ಲಿ ಎಷ್ಟೋ ಸಂಜೆಗಳನ್ನು ಅದು ಉಳಿಸಿತ್ತು. ಹಳೆಯದೊಂದು ಇಲ್ಲೂ ಉಪಯೋಗಕ್ಕೆ ಬಂತಲ್ಲ ಎಂದು ಖುಷಿಯೂ ಆಯಿತು.

ಪರೀಕ್ಷೆಯ ವಿಷಯಕ್ಕೆ ಹೆಚ್ಚು ಹೇಳುವಂಥದ್ದಿಲ್ಲ. ಒಂದು ಕಾಲ್ಪನಿಕ ಕಂಪೆನಿ, ಒಂದಷ್ಟು ವೋಚರ್, ಕೊನೆಗೆ ಲಾಭನಷ್ಟ ಪಟ್ಟಿ. ಒಂದು ಪ್ರಶ್ನೆಯನ್ನು ಮಾತ್ರ ನೆನಪಿಡಬೇಕು: ಕಾಸರಗೋಡಿನ ಕಂಪೆನಿ ಬೆಂಗಳೂರಿನಿಂದ ಮಾಲು ಕೊಂಡರೆ ಯಾವ ತೆರಿಗೆ? ಬೆಂಗಳೂರು ಹೊರರಾಜ್ಯ, ಆದ್ದರಿಂದ ಐಜಿಎಸ್‌ಟಿ. ರಾಜ್ಯದೊಳಗೆ ಕೊಂಡರೆ ಕೇಂದ್ರದ ಪಾಲಾದ ಸಿಜಿಎಸ್‌ಟಿ ಮತ್ತು ರಾಜ್ಯದ ಪಾಲಾದ ಎಸ್‌ಜಿಎಸ್‌ಟಿ, ಅರ್ಧರ್ಧ. ಅಕ್ಕ ಸರಿಯಾಗಿಯೇ ಬರೆದರು, ಪೂರ್ಣ ಅಂಕ ಬಂತು.

ಪೆರ್ಲದ ಅಂಗಡಿಯಲ್ಲಿ ಮೊದಲ ವಾರ ಹೋದದ್ದು ಕಡದ ಪುಸ್ತಕದ ಹಿಂದೆ. ‘ಅಡಿಕೆ ಮಾರಿದ ಮೇಲೆ ಕೊಡ್ತೇನೆ’ ಎಂದು ಹೋದವರ ಬಾಕಿಯನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಹಾಕಬೇಕಿತ್ತು. ತರಗತಿಯಲ್ಲಿ ಆರಂಭಿಕ ಶಿಲ್ಕುಗಳನ್ನು ಪಟ್ಟಿ ಮಾಡಿ ಕೈಗೆ ಕೊಡುತ್ತಾರೆ, ಅಂಗಡಿಯಲ್ಲಿ ಅವನ್ನು ಹುಡುಕಿ ತೆಗೆಯುವುದೇ ಮುಕ್ಕಾಲು ಕೆಲಸ. ಆ ಗಡಿಬಿಡಿಯ ನಡುವೆ ಮಾಲು ಕೊಡುವವರ ಖಾತೆಗಳನ್ನೂ ತೆರೆಯಬೇಕಾಯಿತು. ಮಂಗಳೂರಿನ ಪೈಪಿನ ಸಗಟು ವ್ಯಾಪಾರಿಯ ಲೆಡ್ಜರ್ ತೆರೆದಾಗ State ಎಂಬ ಜಾಗದಲ್ಲಿ ಅಂಗಡಿಯ ರಾಜ್ಯವಾದ Kerala ಬಂದು ಕೂತಿತ್ತು. ಅಕ್ಕ ಎಂಟರ್ ಒತ್ತಿ ಮುಂದೆ ಹೋದರು. ಜಿಎಸ್‌ಟಿ ಸಂಖ್ಯೆಯ ಜಾಗವನ್ನು, ಬಿಲ್ಲು ಸಿಕ್ಕಿದ ಮೇಲೆ ತುಂಬಿಸಿದರಾಯಿತು ಎಂದು ಖಾಲಿ ಬಿಟ್ಟರು. ಹಾಗಾಗಿ ಆ ವ್ಯಾಪಾರಿಯ ಪ್ರತಿ ಖರೀದಿಗೂ F9 ವೋಚರಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಚ್ಚುಕಟ್ಟಾಗಿ ಲೆಕ್ಕವಾಗಿ ಬಂದವು. ಕಂಪ್ಯೂಟರಿಗೆ ಸಂಶಯ ಬರಲು ಕಾರಣವೇ ಇರಲಿಲ್ಲ.

ಅಕ್ಕನಿಗೂ ಬರಲಿಲ್ಲ. ಪೆರ್ಲದವರಿಗೆ ಮಂಗಳೂರು ಎಂದರೆ ಹೊರರಾಜ್ಯವೇ? ಆಸ್ಪತ್ರೆಗೆ, ಕಾಲೇಜಿಗೆ, ಮದುವೆಯ ಜವಳಿಗೆ ಹೋಗುವ ಊರು ಅದು. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಸಾರಡ್ಕ ದಾಟಿದರೆ ಕರ್ನಾಟಕ, ಆದರೆ ಅಲ್ಲಿ ಬದಲಾಗುವುದು ಬಸ್ಸಿನ ಬೋರ್ಡಿನ ಲಿಪಿಯಷ್ಟೆ. ಪರೀಕ್ಷೆಯಲ್ಲಿ ಬೆಂಗಳೂರು ಎಂದು ಕೇಳಿದ್ದಕ್ಕೆ ಉತ್ತರ ಹೊಳೆದಿತ್ತು. ಮಂಗಳೂರು ಎಂದು ಕೇಳಿದ್ದರೆ ತಪ್ಪುತ್ತಿತ್ತೋ ಏನೋ. 1956ರ ನವೆಂಬರ್ 1ರಂದು ಎಳೆದ ಗೆರೆಯನ್ನು ಇಲ್ಲಿನ ಜನ ದಿನನಿತ್ಯ ದಾಟುತ್ತ ಮರೆತಿರಬಹುದು, ಜಿಎಸ್‌ಟಿ ಸಂಖ್ಯೆ ಮರೆಯುವುದಿಲ್ಲ. ಹದಿನೈದು ಅಕ್ಷರ-ಅಂಕೆಗಳ ಆ ಸಂಖ್ಯೆಯ ಮೊದಲೆರಡು ಅಂಕೆಗಳೇ ರಾಜ್ಯದ ಗುರುತು: ಕೇರಳಕ್ಕೆ 32, ಕರ್ನಾಟಕಕ್ಕೆ 29.

ಈಗ ನವೆಂಬರಿನ ಅಂಕೆಗಳಿಗೆ ಬರೋಣ. ಮಾಲೆಲ್ಲ ಶೇಕಡಾ 18ರದ್ದು, ಗಿರಾಕಿಗಳೆಲ್ಲ ಕೇರಳದವರು. ಮಳೆಗಾಲದಲ್ಲಿ ಕೂತಿದ್ದ ದಾಸ್ತಾನೂ ಆ ತಿಂಗಳು ಖರ್ಚಾದ್ದರಿಂದ ಮಾರಾಟ 5,00,000 ಆಗಿತ್ತು. ಅದರ ಮೇಲೆ ವಸೂಲಾದ ತೆರಿಗೆ 90,000, ಎಂದರೆ ಸಿಜಿಎಸ್‌ಟಿ 45,000 ಮತ್ತು ಎಸ್‌ಜಿಎಸ್‌ಟಿ 45,000. ಕಾಸರಗೋಡು, ಕಣ್ಣೂರು ಕಡೆಯಿಂದ ಕೊಂಡ ಮಾಲು 2,00,000ದ್ದು, ಅದಕ್ಕೆ ಕೊಟ್ಟ ತೆರಿಗೆ 18,000 ಮತ್ತು 18,000. ಮಂಗಳೂರಿನ ಸಗಟು ವ್ಯಾಪಾರಿಯ ಮೂರು ಬಿಲ್ಲು ಸೇರಿ 1,00,000, ಮೇಲೆ ತೆರಿಗೆ 18,000. ಇದಲ್ಲದೆ ಮಂಗಳೂರಿನ ಬೇರೊಂದು ಅಂಗಡಿಯಿಂದ ಯಜಮಾನರೇ ಖುದ್ದಾಗಿ ತಂದ ಫಿಟ್ಟಿಂಗಿನ ಸಣ್ಣ ಬಿಲ್ಲೊಂದು: ಮಾಲು 5,000, ತೆರಿಗೆ 900, ಒಟ್ಟು 5,900. ಮದುವೆಗೆ ಹೋದವರು ಬರುವಾಗ ಡಿಕ್ಕಿಯಲ್ಲಿ ಹಾಕಿಕೊಂಡು ಬಂದದ್ದು.

ಅಕ್ಕನ ಪುಸ್ತಕದ ಪ್ರಕಾರ ಖರೀದಿಗೆ ಕೊಟ್ಟ ತೆರಿಗೆ, ಎಂದರೆ ಮಾರಾಟದ ತೆರಿಗೆಯಿಂದ ಕಳೆಯಬಹುದಾದ ಇನ್‌ಪುಟ್ ಕ್ರೆಡಿಟ್, ಒಟ್ಟು 54,900. ಅದರಲ್ಲಿ ಸಿಜಿಎಸ್‌ಟಿ 27,450, ಎಸ್‌ಜಿಎಸ್‌ಟಿ 27,450. ಸರ್ಕಾರಕ್ಕೆ ಕಟ್ಟಬೇಕಾದದ್ದು 35,100. ನಗದು ಡ್ರಾಯರಿಗೆ ಹೊಂದಿತು, ಬ್ಯಾಂಕು ಪಾಸ್‌ಬುಕ್ಕಿಗೆ ಹೊಂದಿತು, ಎಲ್ಲ ಖಾತೆಗಳ ಡೆಬಿಟ್ಟೂ ಕ್ರೆಡಿಟ್ಟೂ ಸಮವೇ ಎಂದು ನೋಡುವ ತಾಳೆಪಟ್ಟಿಯೂ ಹೊಂದಿತು. ತಾಳೆಪಟ್ಟಿ ಹೊಂದಿದ್ದರಲ್ಲಿ ವಿಶೇಷವೇನೂ ಇಲ್ಲ. ಕೈಬರಹದಲ್ಲಿ ಅದು ದೊಡ್ಡ ಪರೀಕ್ಷೆಯಾಗಿತ್ತು. ಈಗಿನ ಸಾಫ್ಟ್‌ವೇರ್ ಎರಡೂ ಬದಿ ಸಮ ಇಲ್ಲದ ವೋಚರನ್ನು ಉಳಿಸಲು ಬಿಡುವುದೇ ಇಲ್ಲ, ಆದ್ದರಿಂದ ತಪ್ಪು ಖಾತೆಗೆ ಹೋದ ಸರಿಯಾದ ಮೊತ್ತ ಅಲ್ಲಿ ಕಾಣಿಸುವುದೂ ಇಲ್ಲ. ಹದಿನಾಲ್ಕು ವರ್ಷ ಬಿಟ್ಟು ಬಂದವರು ತಾಳೆಪಟ್ಟಿಯ ಮೇಲೆ ಇಡುವ ಹಳೆಯ ನಂಬಿಕೆಯನ್ನು ಮೊದಲು ಬಿಡಬೇಕು ಎನ್ನುವುದು ಇದಕ್ಕೇ.

ಪ್ರತಿ ತಿಂಗಳ ರಿಟರ್ನ್ ಸಲ್ಲಿಸುವವರ ಕ್ರಮ ಹೀಗೆ: ಮಾಲು ಮಾರಿದವರು ಮುಂದಿನ ತಿಂಗಳ 11ರೊಳಗೆ ತಮ್ಮ ಬಿಲ್ಲುಗಳ ವಿವರವನ್ನು GSTR-1ರಲ್ಲಿ ಹಾಕುತ್ತಾರೆ. ಅದನ್ನೆಲ್ಲ ಒಟ್ಟುಮಾಡಿ 14ಕ್ಕೆ ಕೊಂಡವರ ಹೆಸರಿನಲ್ಲಿ GSTR-2B ತಯಾರಾಗುತ್ತದೆ. ಅದನ್ನು ನೋಡಿಕೊಂಡು 20ರೊಳಗೆ GSTR-3B ಸಲ್ಲಿಸಿ ತೆರಿಗೆ ಕಟ್ಟಬೇಕು. ಅಂಗಡಿಯ ರಿಟರ್ನ್ ಹಾಕುವ ತೆರಿಗೆ ಸಲಹೆಗಾರರು ಡಿಸೆಂಬರ್ 15ಕ್ಕೆ ಫೋನ್ ಮಾಡಿ, ‘ನಿಮ್ಮ ಪುಸ್ತಕದಲ್ಲಿ ಕ್ರೆಡಿಟ್ 54,900 ಉಂಟು, 2Bಯಲ್ಲಿ 54,000 ಮಾತ್ರ. ಒಮ್ಮೆ ನೋಡಿ ಹೇಳಿ’ ಎಂದರು.

ವ್ಯತ್ಯಾಸ 900. ಅರ್ಧದ ಉಪಾಯ ಮೊದಲು: 450ರ ವೋಚರ್ ಉಂಟೇ? ಖರೀದಿಯಲ್ಲಿ ಅಷ್ಟು ಮೊತ್ತದ ಬಿಲ್ಲೇ ಇಲ್ಲ. ಆಮೇಲೆ ಒಂಬತ್ತರದ್ದು: 900ನ್ನು 9ರಿಂದ ಭಾಗಿಸಿದರೆ ಸರಿಯಾಗಿ 100. ಅಕ್ಕನಿಗೆ ಸಮಾಧಾನವಾಯಿತು, ಎಲ್ಲೋ ಅಂಕೆ ಅದಲುಬದಲಾಗಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ತಿಂಗಳ ಎಲ್ಲ ಖರೀದಿ ಬಿಲ್ಲುಗಳನ್ನು ಒಂದೊಂದಾಗಿ ಪರದೆಯ ಪಕ್ಕ ಹಿಡಿದು ಅಂಕೆ ಹೋಲಿಸಿದರು. ಒಂದೂ ಅದಲುಬದಲಾಗಿರಲಿಲ್ಲ.

ಆ ಅರ್ಧ ದಿನ ಹಾಳಾದದ್ದಕ್ಕೆ ಕಾರಣ ಉಂಟು. ಅಂಕೆ ಸ್ಥಾನ ಬದಲಿಸಿದರೆ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ ಎನ್ನುವುದು ನಿಜ. ಒಂಬತ್ತರಿಂದ ಭಾಗವಾದದ್ದೆಲ್ಲ ಅಂಕೆ ಬದಲಾದದ್ದೇ ಎನ್ನುವುದು ನಿಜವಲ್ಲ. ಅದರಲ್ಲೂ ಶೇಕಡಾ 18ರ ಅಂಗಡಿಯಲ್ಲಿ ಈ ಉಪಾಯ ಪೂರ್ತಿ ನಿಷ್ಪ್ರಯೋಜಕ. ನೂರರ ಲೆಕ್ಕದ ಯಾವ ಮೊತ್ತಕ್ಕೆ ಶೇಕಡಾ 18 ಹಾಕಿದರೂ ಬರುವ ತೆರಿಗೆ ಒಂಬತ್ತರಿಂದ ಭಾಗವಾಗಿಯೇ ತೀರುತ್ತದೆ, ಅದರ ಅರ್ಧವಾದ ಶೇಕಡಾ 9 ಕೂಡ. ಒಂದಿಡೀ ಬಿಲ್ಲಿನ ತೆರಿಗೆ ಬಿಟ್ಟುಹೋದರೂ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ವ್ಯಾಟಿನ ಕಾಲದಲ್ಲಿ, ಬೇರೆ ಬೇರೆ ದರಗಳ ನಡುವೆ ಈ ಉಪಾಯಕ್ಕೆ ಬೆಲೆ ಇತ್ತು. ಇಲ್ಲಿ ಅದು ದಾರಿ ತಪ್ಪಿಸಿತು.

ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಮಾಡಿದ್ದು ಬೇರೆಯೇ ಕೆಲಸ. ಒಟ್ಟು ಮೊತ್ತವನ್ನು ಬಿಟ್ಟು, 2Bಯನ್ನು ಮುದ್ರಿಸಿ ತೆರಿಗೆಯ ವಿಧವಾರು ಹೋಲಿಸಿದರು. ಪುಸ್ತಕದಲ್ಲಿ ಐಜಿಎಸ್‌ಟಿ ಸೊನ್ನೆ, 2Bಯಲ್ಲಿ 18,000. ಪುಸ್ತಕದಲ್ಲಿ ಸಿಜಿಎಸ್‌ಟಿ 27,450, 2Bಯಲ್ಲಿ 18,000. ಎಸ್‌ಜಿಎಸ್‌ಟಿಯಲ್ಲೂ ಅಷ್ಟೇ. ಹುಡುಕುತ್ತಿದ್ದದ್ದು ಒಂಬೈನೂರು, ಸಿಕ್ಕಿದ್ದು ಹದಿನೆಂಟು ಸಾವಿರ. ಮಂಗಳೂರಿನ ಬಿಲ್ಲು ಕೈಗೆತ್ತಿಕೊಂಡು ನೋಡಿದರೆ ದಪ್ಪ ಅಕ್ಷರದಲ್ಲಿ ಐಜಿಎಸ್‌ಟಿ ಎಂದೇ ಇತ್ತು, ವ್ಯಾಪಾರಿಯ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗಿತ್ತು. ಬೆಳಗ್ಗೆಯಿಡೀ ಅದೇ ಬಿಲ್ಲನ್ನು ಹಿಡಿದು ಕೂತಿದ್ದರೂ ಕಣ್ಣು ಮೊತ್ತದ ಸಾಲು ಬಿಟ್ಟು ಆಚೆ ಹೋಗಿರಲಿಲ್ಲ.

ಯಜಮಾನರಿಗೆ ಹೇಳಿದಾಗ ಅವರು ನಕ್ಕರು. ‘ಮಂಗಳೂರು ಎಂತದ್ದು ಹೊರರಾಜ್ಯ ಅಕ್ಕ! ಕಟ್ಟುವ ದುಡ್ಡು ಒಂದೇ ಅಲ್ವಾ?’

ಮಾತು ಪೂರ್ತಿ ತಪ್ಪಲ್ಲ, ಅದೇ ಇಲ್ಲಿನ ಅಪಾಯ. ಐಜಿಎಸ್‌ಟಿ ಕ್ರೆಡಿಟ್ಟನ್ನು ಮೊದಲು ಐಜಿಎಸ್‌ಟಿ ಬಾಕಿಗೆ, ಉಳಿದದ್ದನ್ನು ಸಿಜಿಎಸ್‌ಟಿ-ಎಸ್‌ಜಿಎಸ್‌ಟಿಗೆ ಬೇಕಾದಂತೆ ಹಂಚಿ ಬಳಸಬಹುದು. ಈ ಅಂಗಡಿಗೆ ಐಜಿಎಸ್‌ಟಿ ಬಾಕಿಯೇ ಇಲ್ಲ, ಆದ್ದರಿಂದ 18,000ವನ್ನು 9,000ದಂತೆ ಎರಡಕ್ಕೂ ಹಂಚಿದರೆ ಆಯಿತು. ಮೂರು ದೊಡ್ಡ ಬಿಲ್ಲುಗಳ ಮಟ್ಟಿಗೆ ತಪ್ಪು ದಾರಿಯಲ್ಲೂ ಸರಿ ದಾರಿಯಲ್ಲೂ ಕಟ್ಟಬೇಕಾದ ಹಣ ಒಂದೇ. ಆದರೆ ತಪ್ಪು ಲೆಕ್ಕವೇ ರಿಟರ್ನಿಗೆ ಹೋದರೆ ಯಾವ ವ್ಯಾಪಾರಿಯೂ ತೋರಿಸದ 18,000ದ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿಯನ್ನು ಅಂಗಡಿ ಕೇಳಿದಂತಾಗುತ್ತದೆ, ನಿಜವಾಗಿ ಸಿಗಬೇಕಾದ ಐಜಿಎಸ್‌ಟಿ ಕೇಳದೆ ಬಿದ್ದಿರುತ್ತದೆ. ಸಲ್ಲಿಸಿದ GSTR-3Bಯನ್ನು ವಾಪಸು ತೆಗೆದು ತಿದ್ದಲು ಬರುವುದಿಲ್ಲ, ಮುಂದಿನ ರಿಟರ್ನುಗಳಲ್ಲಿ ಸರಿಪಡಿಸಬೇಕು. ಇಲಾಖೆಯ ಪ್ರಶ್ನೆ ಬರುವ ಹೊತ್ತಿಗೆ ಬಿಲ್ಲು ಯಾವ ಕಟ್ಟಿನಲ್ಲಿದೆ ಎಂದೂ ನೆನಪಿರುವುದಿಲ್ಲ.

ಇನ್ನು ಆ ಒಂಬೈನೂರು. ಯಜಮಾನರು ಡಿಕ್ಕಿಯಲ್ಲಿ ತಂದ ಫಿಟ್ಟಿಂಗಿನ ಬಿಲ್ಲಿನಲ್ಲಿ ಸಿಜಿಎಸ್‌ಟಿ 450, ಎಸ್‌ಜಿಎಸ್‌ಟಿ 450 ಎಂದೇ ಇತ್ತು, ಪೆರ್ಲದ ಅಂಗಡಿಯ ಜಿಎಸ್‌ಟಿ ಸಂಖ್ಯೆಯೂ ಇತ್ತು. ಅಕ್ಕ ದಾಖಲಿಸಿದ್ದು ಬಿಲ್ಲಿನಲ್ಲಿದ್ದ ಹಾಗೆಯೇ. ಮಂಗಳೂರಿನ ನಾಲ್ಕು ಬಿಲ್ಲುಗಳಲ್ಲಿ ಪುಸ್ತಕಕ್ಕೆ ಅಕ್ಷರಶಃ ಹೊಂದಿದ್ದು ಇದೊಂದೇ. ದುಡ್ಡು ಹೋದದ್ದೂ ಇದೊಂದರಲ್ಲೇ. ಗಲ್ಲಾದಲ್ಲಿದ್ದವರು ಎದುರಿಗೆ ಬಂದ ಗಿರಾಕಿಯನ್ನು ಸ್ಥಳೀಯರೆಂದು ಎಣಿಸಿ ಬಿಲ್ಲು ಹಾಕಿದ್ದರು. ಹಾಗಾಗಿ ಅದರಲ್ಲಿದ್ದ ಎಸ್‌ಜಿಎಸ್‌ಟಿ ಕರ್ನಾಟಕದ್ದು. ಇಂಥ ಬಿಲ್ಲಿನ ತೆರಿಗೆ ಕೇರಳದ ವ್ಯಾಪಾರಿಗೆ ಕ್ರೆಡಿಟ್ ಆಗಿ ಸಿಗದು, ಸಿಜಿಎಸ್‌ಟಿ ಭಾಗ ಕೂಡ. 2Bಯಲ್ಲಿ ಅದು ಕಾಣೆಯಾಗಿರಲಿಲ್ಲ, ITC not available, ಎಂದರೆ ಇನ್‌ಪುಟ್ ಕ್ರೆಡಿಟ್ ಸಿಗದು, ಎಂಬ ಬೇರೆ ಪುಟದಲ್ಲಿತ್ತು. ಪಕ್ಕದಲ್ಲಿ ಕಾರಣವೂ ಬರೆದಿತ್ತು: ಮಾರಿದವರ ರಾಜ್ಯ ಮತ್ತು ಪೂರೈಕೆಯ ಸ್ಥಳ ಒಂದೇ, ಕೊಂಡವರ ರಾಜ್ಯ ಬೇರೆ. ಸಿಗುವ ಕ್ರೆಡಿಟ್ಟಿನ ಪುಟವನ್ನಷ್ಟೇ ನೋಡುವವರಿಗೆ ಇದು ಎಂದೂ ಕಣ್ಣಿಗೆ ಬೀಳದು.

ಆ ಸಣ್ಣ ಬಿಲ್ಲು ಇಲ್ಲದಿದ್ದರೆ ಏನಾಗುತ್ತಿತ್ತು? ಪುಸ್ತಕದಲ್ಲಿ 54,000, 2Bಯಲ್ಲಿ 54,000. ಒಟ್ಟು ಹೊಂದಿತೆಂದು ಸಲಹೆಗಾರರು ಫೋನ್ ಮಾಡುತ್ತಿರಲಿಲ್ಲ, ತಪ್ಪು ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತಿತ್ತು.

ತಿದ್ದುವ ಕೆಲಸಕ್ಕೆ ಹಿಡಿದದ್ದು ಒಂದು ಗಂಟೆ. ಸಗಟು ವ್ಯಾಪಾರಿಯ ಲೆಡ್ಜರಿನಲ್ಲಿ State ಜಾಗಕ್ಕೆ Karnataka, GSTIN ಜಾಗಕ್ಕೆ 29ರಿಂದ ಶುರುವಾಗುವ ಸಂಖ್ಯೆ. ಇಷ್ಟಕ್ಕೇ ನಿಲ್ಲಿಸಿದರೆ ಹಳೆಯ ವೋಚರುಗಳು ತಾವಾಗಿ ಬದಲಾಗುವುದಿಲ್ಲ. ಮೂರನ್ನೂ ತೆರೆದು, ವ್ಯಾಪಾರಿಯ ವಿವರದಲ್ಲಿ ರಾಜ್ಯ ಬದಲಿಸಿ, ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಸಾಲುಗಳನ್ನು ತೆಗೆದು ಐಜಿಎಸ್‌ಟಿ ಸಾಲು ಹಾಕಬೇಕು. ಬಿಲ್ಲಿನ ಒಟ್ಟು ಮೊದಲಿನಷ್ಟೇ ಇದೆಯೇ ಎಂದು ಪ್ರತಿ ಸಲ ನೋಡಬೇಕು, ಪೈಸೆ ವ್ಯತ್ಯಾಸವಾದರೂ ವ್ಯಾಪಾರಿಯ ಬಾಕಿ ಕೆಡುತ್ತದೆ. ಫಿಟ್ಟಿಂಗಿನ ಬಿಲ್ಲಿಗೆ ಮೊದಲು ಮಂಗಳೂರಿನ ಅಂಗಡಿಗೆ ಫೋನ್ ಹೋಯಿತು, ಐಜಿಎಸ್‌ಟಿ ಹಾಕಿ ಹೊಸ ಬಿಲ್ಲು ಕೊಡಿ ಎಂದು. ಐದು ಸಾವಿರದ ಮಾಲಿಗೆ ಅಷ್ಟು ಉಪದ್ರ ಬೇಡ ಎಂದರು ಅವರು. ಹಾಗಾಗಿ ತೆರಿಗೆಯ ಸಾಲುಗಳನ್ನು ತೆಗೆದು 5,900ನ್ನೂ ಮಾಲಿನ ಬೆಲೆಯಾಗಿ ದಾಖಲಿಸಲಾಯಿತು. ಫಿಟ್ಟಿಂಗಿನ ಅಸಲು ಅಷ್ಟರಮಟ್ಟಿಗೆ ಏರಿತು. ಮಾರುವ ದರವನ್ನೂ ಅದಕ್ಕೆ ತಕ್ಕಂತೆ ನೋಡಬೇಕು, ಆ ಮಾತನ್ನು ಅಕ್ಕ ಚೀಟಿಯಲ್ಲಿ ಬರೆದು ಯಜಮಾನರ ಮೇಜಿನ ಮೇಲಿಟ್ಟರು.

ಪುಸ್ತಕದ ಕ್ರೆಡಿಟ್ ಈಗ ಐಜಿಎಸ್‌ಟಿ 18,000, ಸಿಜಿಎಸ್‌ಟಿ 18,000, ಎಸ್‌ಜಿಎಸ್‌ಟಿ 18,000. ಕಟ್ಟಬೇಕಾದದ್ದು ಸಿಜಿಎಸ್‌ಟಿ 18,000, ಎಸ್‌ಜಿಎಸ್‌ಟಿ 18,000, ಒಟ್ಟು 36,000. ರಿಟರ್ನ್ 18ಕ್ಕೆ ಸಲ್ಲಿಕೆಯಾಯಿತು.

ಜನವರಿಯಿಂದ ಅಂಗಡಿಗೆ ಬಂದ ಪ್ರತಿ ಖರೀದಿ ಬಿಲ್ಲಿನ ಮೂಲೆಯಲ್ಲಿ ಕೆಂಪು ಪೆನ್ನಿನ ಎರಡು ಅಂಕೆ ಇರುತ್ತದೆ, 32 ಅಥವಾ 29. ಅದನ್ನು ಬರೆಯದೆ ಅಕ್ಕ F9 ಒತ್ತುವುದಿಲ್ಲ. ಜಿಎಸ್‌ಟಿ ಸಂಖ್ಯೆ ಖಾಲಿ ಬಿಟ್ಟು ಲೆಡ್ಜರ್ ತೆರೆಯುವುದಿಲ್ಲ. ಸಲಹೆಗಾರರಿಗೆ ಕಳುಹಿಸುವ ಹಾಳೆಯಲ್ಲಿ ಒಟ್ಟು ಮೊತ್ತದ ಬದಲು ಮೂರು ತೆರಿಗೆಗೆ ಮೂರು ಸಾಲು. ಯಜಮಾನರ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅಂಗಡಿಯ ವಿಳಾಸ, ಜಿಎಸ್‌ಟಿ ಸಂಖ್ಯೆ ಬರೆದ ರಟ್ಟಿನ ತುಂಡೊಂದು ಸೇರಿಕೊಂಡಿತು. ಅದರ ಕೆಳಗೆ ಅಕ್ಕನ ಕೈಬರಹ: ‘ಮಾಲು ಕೇರಳಕ್ಕೆ. ಐಜಿಎಸ್‌ಟಿ ಬಿಲ್ಲು ಕೇಳಿ.’